ಒಂದು ಓವನ್, ಎರಡು ಬೀಟರ್

ನನ್ನ ಚಿಕ್ಕಮ್ಮನ ಮಗಳು ಶಿವಮೊಗ್ಗದಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಮೊದಮೊದಲು ಕೇಳಿ ಮಾಡಿಸಿಕೊಳ್ಳುತ್ತಿದ್ದವರೆಲ್ಲ ಅಕ್ಕಪಕ್ಕದವರು, ಮಗನ ಶಾಲೆಯ ತಾಯಂದಿರು. ಅವರಿಗೆ ಅವಳ ಅಡುಗೆಮನೆ ಕಣ್ಣಾರೆ ಕಂಡದ್ದು. ಈಚೆಗೆ ಊರಿನ ಆ ತುದಿಯಿಂದ, ಮುಖವನ್ನೇ ನೋಡದವರು ಫೋನ್ ಮಾಡತೊಡಗಿದ ಮೇಲೆ, ತಾನು ಯಾರು, ಏನು ಮಾಡುತ್ತೇನೆ ಎಂದು ತಿಳಿಸುವ ಒಂದು ಪರಿಚಯ ಬೇಕು ಅನ್ನಿಸಿದೆ. ಬರೆದು ಕಳಿಸಿ, "ಅಕ್ಕಾ, ಸ್ವಲ್ಪ ತಿದ್ದಿಕೊಡು" ಅಂದಳು. ಅವಳು ಬರೆದದ್ದು ಹೀಗಿತ್ತು:

"ಬೇಕಿಂಗ್ ನನ್ನ ಪ್ಯಾಷನ್. ಚಿಕ್ಕಂದಿನಿಂದಲೂ ನನಗೆ ಅಡುಗೆಯೆಂದರೆ ಪ್ರಾಣ. ನಮ್ಮಲ್ಲಿ ಎಲ್ಲವನ್ನೂ ಪ್ರೀತಿಯಿಂದ, ನೂರಕ್ಕೆ ನೂರು ಶುಚಿಯಾಗಿ, ಯಾವುದೇ ಪ್ರಿಸರ್ವೇಟಿವ್ ಬಳಸದೆ ತಯಾರಿಸಲಾಗುತ್ತದೆ. ಎಫ್‌ಎಸ್‌ಎಸ್‌ಎಐ ಪ್ರಮಾಣೀಕೃತ. ಒಮ್ಮೆ ರುಚಿ ನೋಡಿ, ಮತ್ತೆ ಮತ್ತೆ ಬರುತ್ತೀರಿ!"

ಓದಿದೆ. ಇದನ್ನು ಬೆಂಗಳೂರಿನವರೂ ಬರೆದಿರಬಹುದು, ಬೆಳಗಾವಿಯವರೂ ಬರೆದಿರಬಹುದು. ಒಂದು ಮಾತೂ ಇವಳದೇ ಅಲ್ಲ. ಗುರುತಿಲ್ಲದ ಮನೆಯಿಂದ ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ತರಿಸುವ ತಾಯಿಗೆ ಬೇಕಾದದ್ದೇ ಬೇರೆ. ಇದನ್ನು ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಮೊಟ್ಟೆ ಹಾಕುತ್ತಾರೋ ಇಲ್ಲವೋ, ಹಾಕುವ ಮನೆಯಾದರೆ ಮೊಟ್ಟೆಯಿಲ್ಲದ್ದು ನಿಜವಾಗಿಯೂ ಮೊಟ್ಟೆಯಿಲ್ಲದ್ದೇ? ಆ ಐದು ಸಾಲಿನಲ್ಲಿ ಈ ಯಾವುದಕ್ಕೂ ಉತ್ತರವಿಲ್ಲ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗಳಿಗೆ ಎರಡೇ ಪದದಲ್ಲಿ ಉತ್ತರ ಕೊಟ್ಟ ಒಂದು ಪರಿಚಯ ಬಹುಕಾಲದಿಂದ ಇದೆ. ಅದು "ಅಯ್ಯಂಗಾರ್ ಬೇಕರಿ" ಎಂಬ ಬೋರ್ಡು. ಬೆಂಗಳೂರಿನ ಚಿಕ್ಕಪೇಟೆಯಿಂದ ಶುರುವಾದ ಆ ಪರಂಪರೆಯ ಹೆಸರು ಓದಿದ ಕೂಡಲೇ ಮಾಡುವವರು ಯಾರು, ಯಾವ ಮನೆತನದ ಕಟ್ಟುಪಾಡಿನವರು, ಬೆಣ್ಣೆ ಬಿಸ್ಕತ್ತಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ಜನರಿಗೆ ಹೊಳೆಯುತ್ತಿತ್ತು. ಬ್ರೆಡ್ಡು, ಕೇಕನ್ನು ಮೊದಲು ಅನುಮಾನದಿಂದ ನೋಡುತ್ತಿದ್ದ ಮನೆಗಳ ಒಳಗೂ ಆ ಹೆಸರು ಅವನ್ನು ತಂದಿಟ್ಟಿತು. ಆ ಎರಡು ಪದಗಳಲ್ಲಿ ಒಂದು ಕುಟುಂಬದ ಕತೆಯೂ ಇದೆ, ಅಡುಗೆಯ ನಿಯಮವೂ ಇದೆ, ಎರಡೂ ಒಂದೇ. ನನ್ನ ತಂಗಿಯ ಪರಿಚಯದಲ್ಲಿ ಕತೆ ಒಂದು ಕಡೆ, ಶುಚಿತ್ವ ಇನ್ನೊಂದು ಕಡೆ, ಎಫ್‌ಎಸ್‌ಎಸ್‌ಎಐ ಮತ್ತೊಂದು ಕಡೆ ಬಿದ್ದಿತ್ತು.

ತಿದ್ದುವ ಮೊದಲು ಹೊಡೆದುಹಾಕುವ ಕೆಲಸ. "ಪ್ರಿಸರ್ವೇಟಿವ್ ಇಲ್ಲ" ಎಂಬ ಮಾತಿನಿಂದ ಶುರುಮಾಡಿದೆವು. ಅವಳು ಸುಳ್ಳು ಹೇಳುವವಳಲ್ಲ. ತಾನು ಕೈಯಾರೆ ಏನನ್ನೂ ಬೆರೆಸುವುದಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದಳು. ಆದರೆ ಅವಳ ಕಪಾಟಿನಿಂದ ಟೂಟಿ ಫ್ರೂಟಿ ಪೊಟ್ಟಣ, ಪೈನಾಪಲ್ ಕ್ರಶ್ ಬಾಟಲಿ ತೆಗೆದು ಹಿಂಬದಿ ಓದಿದಾಗ ಸಣ್ಣ ಅಕ್ಷರದಲ್ಲಿ ಐಎನ್‌ಎಸ್ 211 ಎಂದಿತ್ತು. ಅದು ಸೋಡಿಯಂ ಬೆಂಜೋಯೇಟ್, ಶುದ್ಧ ಪ್ರಿಸರ್ವೇಟಿವ್. ನಿಯಮ ಒಪ್ಪಿದ ಪ್ರಮಾಣದಲ್ಲಿ ಅದು ಇರುವುದು ತಪ್ಪಲ್ಲ. ಇಲ್ಲವೆಂದು ಬರೆಯುವುದು ತಪ್ಪು. ಕೇಕಿನ ಮೇಲೆ ಬಳಿಯುವ ವಿಪ್ಪಿಂಗ್ ಕ್ರೀಮಿನದೂ ಇಂಥದೇ ಸಂಗತಿ. ಅಂಗಡಿಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಮಾರುವ ಬಿಳಿ ಪೊಟ್ಟಣದಲ್ಲಿ ಸಾಮಾನ್ಯವಾಗಿ ಹಾಲಿನ ಕೆನೆ ಇರುವುದಿಲ್ಲ, ಇರುವುದು ಸಸ್ಯಜನ್ಯ ಕೊಬ್ಬು. ಅದನ್ನು "ಫ್ರೆಶ್ ಕ್ರೀಮ್" ಎಂದು ಕರೆಯುವವರು ಬಹಳ ಮಂದಿ. ಹಾಗೆಂದು ಅದು ಹಾಲಿಲ್ಲದ ಪದಾರ್ಥವೂ ಅಲ್ಲ. ಎಷ್ಟೋ ಬ್ರಾಂಡುಗಳಲ್ಲಿ ಹಾಲಿನ ಪ್ರೋಟೀನು ಬೆರೆತಿರುತ್ತದೆ, ಹಾಲು ಆಗದ ಮಗುವಿಗೆ ಅದನ್ನು ಕೊಡುವಂತಿಲ್ಲ. ಬೆಲ್ಲ ಹಾಕಿದ ಕೇಕನ್ನು "ಶುಗರ್ ಫ್ರೀ" ಎಂದು ಬರೆಯುವವರನ್ನೂ ನಾನು ಕಂಡಿದ್ದೇನೆ. ಮಧುಮೇಹಿಯೊಬ್ಬರು ಅದನ್ನು ನಂಬಿ ಎರಡು ತುಂಡು ತಿಂದರೆ ಆಗುವ ಅನಾಹುತಕ್ಕೆ ಆ ಎರಡು ಪದಗಳೇ ಹೊಣೆ.

ಆಮೇಲೆ "ಎಫ್‌ಎಸ್‌ಎಸ್‌ಎಐ ಪ್ರಮಾಣೀಕೃತ". ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕೊಳ್ಳುವವರಿಗೂ ಮಾರುವವರಿಗೂ ಈ ವಿಷಯದಲ್ಲಿ ಗೊಂದಲವಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮನೆಯಿಂದ ಮಾರುವವರೂ ಆಹಾರ ವ್ಯಾಪಾರಿಗಳೇ. ಅದರಡಿ 2011ರಲ್ಲಿ ಬಂದ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಮಾಡುವ ಸಣ್ಣವರಿಗೆ ಲೈಸೆನ್ಸಿನ ಬದಲು ನೋಂದಣಿ ಸಾಕೆಂದವು, ಶುಲ್ಕವನ್ನು ವರ್ಷಕ್ಕೆ 100 ರೂಪಾಯಿ ಎಂದಿಟ್ಟವು. ಇಂಥ ಮಿತಿಗಳು, ಶುಲ್ಕಗಳು ತಿದ್ದುಪಡಿಯಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಫಾಸ್ಕಾಸ್ ಪೋರ್ಟಲಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಫೋಟೊ, ಗುರುತಿನ ಚೀಟಿ ಕೊಟ್ಟು ಅರ್ಜಿ ಹಾಕಿದರೆ 14 ಅಂಕಿಗಳ ಸಂಖ್ಯೆ ಬರುತ್ತದೆ. ನೋಂದಣಿಯಾದರೆ ಅದು 2ರಿಂದ ಶುರುವಾಗುತ್ತದೆ, ಲೈಸೆನ್ಸಾದರೆ 1ರಿಂದ.

ಈ ಸಂಖ್ಯೆಯ ಅರ್ಥ ಇಷ್ಟು: ಇಂಥ ವಿಳಾಸದಲ್ಲಿ ಇಂಥವರು ಆಹಾರ ತಯಾರಿಸಿ ಮಾರುತ್ತಾರೆಂದು ಇಲಾಖೆಗೆ ಗೊತ್ತಿದೆ, ಏನಾದರೂ ಆದರೆ ಕೇಳಲು ಒಬ್ಬರಿದ್ದಾರೆ, ನಿಯಮಗಳನ್ನು ಪಾಲಿಸುತ್ತೇನೆಂದು ಅವರು ಒಪ್ಪಿದ್ದಾರೆ. ಅಧಿಕಾರಿ ಅಡುಗೆಮನೆಗೆ ಬಂದು ನೋಡಬಹುದು. ಬಾರದೆಯೂ ನೋಂದಣಿ ಆಗಬಹುದು. ಕೇಕಿನ ರುಚಿಗೋ ಗುಣಕ್ಕೋ ಯಾರೂ ಮುದ್ರೆ ಒತ್ತಿರುವುದಿಲ್ಲ. ಹಾಗಾಗಿ "ಪ್ರಮಾಣೀಕೃತ" ಹೋಯಿತು, ಆ ಜಾಗಕ್ಕೆ "ನೋಂದಣಿ ಸಂಖ್ಯೆ" ಎಂದು ಬರೆದು ಅಂಕಿಗಳನ್ನು ಪೂರ್ತಿ ಹಾಕಿದೆವು. ಅದೇ ಪೋರ್ಟಲಿನಲ್ಲಿ ಸಂಖ್ಯೆ ಹಾಕಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಪ್ರಮಾಣಪತ್ರದ ಫೋಟೊ ಹಾಕುವುದು ಬೇಡವೆಂದೆ. ಅದರಲ್ಲಿ ಮನೆಯ ಪೂರ್ತಿ ವಿಳಾಸವಿರುತ್ತದೆ, ಮಗನೊಬ್ಬನೇ ಮನೆಯಲ್ಲಿರುವ ಹೊತ್ತೂ ಇರುತ್ತದೆ. ಬಡಾವಣೆಯ ಹೆಸರು ಸಾಕು, ಬಾಗಿಲ ಸಂಖ್ಯೆಯನ್ನು ಆರ್ಡರು ಖಚಿತವಾದ ಮೇಲೆ ಹೇಳಿದರಾಯಿತು.

"ನೂರಕ್ಕೆ ನೂರು ಶುಚಿ" ಹೊಡೆಯಲು ಅವಳಿಗೆ ಮನಸ್ಸಿರಲಿಲ್ಲ. "ನಿಜವಾಗಿಯೂ ಶುಚಿಯಾಗಿ ಮಾಡ್ತೀನಲ್ಲಕ್ಕಾ" ಅಂದಳು. "ಹಾಗಾದರೆ ಒಂದು ದಿನ ಕೂತು ನೋಡ್ತೀನಿ, ನೋಡಿದ್ದನ್ನೇ ಬರೆಯೋಣ" ಅಂದೆ.

ಒಂದು ಗುರುವಾರ ಅವಳ ಅಡುಗೆಮನೆಯಲ್ಲಿ ಕೂತೆ. ಒಂಬತ್ತೂವರೆಗೆ ಮನೆಯ ತಿಂಡಿ ಮುಗಿದಿತ್ತು. ಸಾರಿಗೆ ಒಲೆ ಹಚ್ಚುವುದು ಒಂದು ಗಂಟೆಯ ಮೇಲೆ. ನಡುವಿನ ಮೂರೂವರೆ ಗಂಟೆ ಕೇಕಿನದು, ಆಗ ಅಲ್ಲಿ ಒಗ್ಗರಣೆಯಿಲ್ಲ, ಈರುಳ್ಳಿ ಹೆಚ್ಚುವುದಿಲ್ಲ. ಕಟ್ಟೆಯನ್ನು ಸೋಪಿನ ನೀರಿನಲ್ಲಿ ತೊಳೆದು, ಒಗೆದು ಒಣಗಿಸಿದ ಬಟ್ಟೆಯಲ್ಲಿ ಒರೆಸಿದಳು. ನಲ್ಲಿಯ ಪಕ್ಕ ಸದಾ ಒದ್ದೆಯಾಗಿ ಬಿದ್ದಿರುವ ಒರೆಸುಬಟ್ಟೆ ಅಡುಗೆಮನೆಯ ಅತ್ಯಂತ ಕೊಳಕು ವಸ್ತು. ಅದನ್ನು ಅವಳು ಅಲ್ಲಿಂದ ತೆಗೆದೇ ಬಿಟ್ಟಿದ್ದಳು. ಬಳೆ, ಉಂಗುರ ಬಿಚ್ಚಿಟ್ಟಳು, ತಲೆಗೆ ಬಟ್ಟೆ ಕಟ್ಟಿದಳು. ಮೈದಾವನ್ನು ಜರಡಿ ಹಿಡಿದಳು. ಗಂಟು ಒಡೆಯುವುದರ ಜೊತೆಗೆ ಹುಳು ಬಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೊಟ್ಟೆಗಳನ್ನು ಒಂದೊಂದಾಗಿ ಸಣ್ಣ ಬಟ್ಟಲಿಗೆ ಒಡೆದು, ಮೂಸಿ ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸುರಿದಳು. ಕೆಟ್ಟ ಮೊಟ್ಟೆಯೊಂದು ಬಂದರೆ ಎಂಟು ಮೊಟ್ಟೆಯ ಹಿಟ್ಟು ಚೆಲ್ಲಬೇಕಾಗುವುದಿಲ್ಲ. ಒಡೆದಾದ ಮೇಲೆ ಸೋಪು ಹಚ್ಚಿ ಕೈ ತೊಳೆದಳು. ಸಿಪ್ಪೆಯ ಮೇಲೆ ಸಾಲ್ಮೊನೆಲ್ಲಾ ಇರಬಹುದು, ಬೇಯುವ ಹಿಟ್ಟಿನಲ್ಲಿ ಅದು ಸಾಯುತ್ತದೆ, ಆದರೆ ಅದೇ ಕೈ ಬೇಯಿಸದ ಕ್ರೀಮಿಗೆ ತಗುಲಿದರೆ ಉಳಿದುಬಿಡುತ್ತದೆ.

ಕೊನೆಯಲ್ಲಿ ನಾಝಲ್‌ಗಳನ್ನು ತೊಳೆದದ್ದನ್ನು ನಾನು ಬಹಳ ಹೊತ್ತು ನೋಡಿದೆ. ಕ್ರೀಮಿನ ಹೂವು ಬಿಡಿಸುವ ಆ ಪುಟ್ಟ ತಗಡಿನ ಮೂತಿಗಳ ಹಲ್ಲುಗಳಲ್ಲಿ ಜಿಡ್ಡು ಕೂರುತ್ತದೆ, ತಣ್ಣೀರಿಗೆ ಹೋಗುವುದಿಲ್ಲ. ಬಿಸಿನೀರಲ್ಲಿ ನೆನೆಸಿ, ಸಣ್ಣ ಬ್ರಷ್ಷಿನಲ್ಲಿ ಒಂದೊಂದೇ ಹಲ್ಲು ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಬಿಸಿಲಿಗಿಟ್ಟಳು. ಫ್ರಿಡ್ಜಿನೊಳಗೆ ಸಣ್ಣದೊಂದು ಥರ್ಮಾಮೀಟರ್ ನೇತುಹಾಕಿದ್ದಳು. ಅದು 4 ಡಿಗ್ರಿ ತೋರಿಸುತ್ತಿತ್ತು. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದರಿಂದ ಹಾಲಿನ ಕೆನೆಯ ಕೇಕು ಅದಕ್ಕಿಂತ ಕೆಳಗೇ ಇರಬೇಕು. ಇವೆಲ್ಲ ಅವಳಿಗೆ ದಿನನಿತ್ಯದ ಕೆಲಸ, ಹೇಳಿಕೊಳ್ಳುವಂಥದ್ದೆಂದು ಅನ್ನಿಸಿಯೇ ಇರಲಿಲ್ಲ. 2011ರ ಆ ನಿಯಮಗಳ 4ನೇ ಅನುಸೂಚಿಯಲ್ಲಿ ಸಣ್ಣ ವ್ಯಾಪಾರಿಗಳು ಪಾಲಿಸಬೇಕಾದ ಶುಚಿತ್ವದ ಪಟ್ಟಿಯಿದೆ. ಕುಡಿಯಲು ಯೋಗ್ಯವಾದ ನೀರು, ಮುಚ್ಚಿದ ಕಸದ ಡಬ್ಬಿ, ಹುಳಹುಪ್ಪಟೆಯ ತಡೆ, ಸಾಂಕ್ರಾಮಿಕ ಕಾಯಿಲೆ ಇದ್ದವರು ಆಹಾರ ಮುಟ್ಟದಿರುವುದು, ಇಂಥವು. ಕೊನೆಯದನ್ನು ಓದಿದಾಗ ಅವಳು, "ಜ್ವರ, ಭೇದಿ ಬಂದಾಗ ನಾನು ಆರ್ಡರ್ ತಗೊಳ್ಳಲ್ಲ, ತಗೊಂಡಿದ್ದರೆ ಮುಂಗಡ ವಾಪಸ್ ಕೊಡ್ತೀನಿ" ಅಂದಳು. ಪರಿಚಯದಲ್ಲಿ ಇರಲೇಬೇಕಾದ ವಾಕ್ಯ ಇದು ಅಂದೆ. ಕಾಯಿಲೆ ಎಂಬ ಪದ ತಿಂಡಿಯ ಪಕ್ಕ ಬರಬಾರದೆಂದು ಅವಳ ಭಯ. ನನ್ನ ಲೆಕ್ಕ ಬೇರೆ. ಹಣ ಬಿಟ್ಟುಕೊಟ್ಟು ಪಾಲಿಸುವ ನಿಯಮವನ್ನು ಓದಿದವರು ಉಳಿದ ನಿಯಮಗಳನ್ನೂ ನಂಬುತ್ತಾರೆ.

ಇನ್ನು ಕತೆ. "ಚಿಕ್ಕಂದಿನಿಂದಲೂ ಅಡುಗೆಯೆಂದರೆ ಪ್ರಾಣ" ನಿಜವೂ ಅಲ್ಲ, ಚಿಕ್ಕಂದಿನಲ್ಲಿ ಅವಳು ಅಡುಗೆಮನೆಯ ಕಡೆ ತಲೆ ಹಾಕಿದವಳಲ್ಲ. ಹಾಗಾದರೆ ನಿಜವಾದ ಕತೆ ಯಾವುದು? ಅದು ಎದುರಿಗೇ ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿತ್ತು: ಕೆಂಪು ಹಿಡಿಯ ಬೀಟರ್ ಒಂದು, ನೀಲಿ ಹಿಡಿಯದೊಂದು. ಅವಳ ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಮದುವೆಯಾಗಿ ಬಂದ ಮೇಲೆ ಮಗನ ಮೊದಲ ಹುಟ್ಟುಹಬ್ಬಕ್ಕೆ ಇವಳು ಕೇಕ್ ಮಾಡಿದಾಗ ಅತ್ತೆ ಬೈಯಲಿಲ್ಲ, ತಡೆಯಲಿಲ್ಲ. ತಿನ್ನಲಿಲ್ಲ, ಅಷ್ಟೆ. ಎಲ್ಲರ ಕೈಯಲ್ಲೂ ತಟ್ಟೆ, ಅವರ ಕೈ ಬರಿದು. ಅದು ಇವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಮೊಟ್ಟೆಯಿಲ್ಲದ ಕೇಕ್ ಕಲಿಯಲು ಹೊರಟದ್ದು ಅಲ್ಲಿಂದ. ಮೊಟ್ಟೆಯ ಕೇಕಿಗೆ ಹಿತ್ತಲ ಕಡೆಯ ಕಟ್ಟೆ, ಕೆಂಪು ಗುರುತಿನ ಪಾತ್ರೆ. ಒಳಗಿನ ಕಟ್ಟೆ, ನೀಲಿ ಗುರುತು ಮೊಟ್ಟೆಯಿಲ್ಲದ್ದಕ್ಕೆ. ಇಲಾಖೆಯ ನಿಯಮ ಓದುವುದಕ್ಕೆ ಎಷ್ಟೋ ಮೊದಲೇ ಅತ್ತೆಯ ಮೇಲಿನ ಗೌರವ ಆ ಮನೆಯಲ್ಲಿ ಎರಡು ಜೊತೆ ಪಾತ್ರೆ ತಂದಿಟ್ಟಿತ್ತು. ಕತೆಯೂ ಶುಚಿತ್ವದ ನಿಯಮವೂ ಇಲ್ಲಿ ಒಂದೇ ಆಗಿವೆ, ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯುವ ಅಗತ್ಯವೇ ಇಲ್ಲ.

ಆದರೆ ಓವನ್ ಒಂದೇ. ಅದನ್ನೂ ಬರೆಯಬೇಕೇ ಎಂದು ಬಹಳ ಹೊತ್ತು ಮಾತಾಯಿತು. ಬರೆಯಬೇಕೆಂದೇ ನನ್ನ ಹಟ. ಮೊಟ್ಟೆ ತಿನ್ನದವರಲ್ಲಿ ಬೇರೆ ಪಾತ್ರೆ ಸಾಕೆನ್ನುವವರಿದ್ದಾರೆ, ಓವನ್ನೂ ಬೇರೆ ಬೇಕೆನ್ನುವವರಿದ್ದಾರೆ. ತೀರ್ಮಾನ ಅವರದು, ಸಂಗತಿ ತಿಳಿಸುವುದು ಇವಳ ಕೆಲಸ. ಅಲರ್ಜಿಯ ಮಾತಂತೂ ಇನ್ನೂ ಸೂಕ್ಷ್ಮ. 2020ರ ಲೇಬಲ್ ನಿಯಮಗಳು ಹೆಸರಿಸಿ ತಿಳಿಸಬೇಕೆನ್ನುವ ಅಲರ್ಜಿಕಾರಕಗಳಲ್ಲಿ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಸೋಯಾ, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು ಇವೆ, ಇವೆಲ್ಲವೂ ಅವಳ ಒಂದೇ ಕಪಾಟಿನಲ್ಲಿವೆ. ಗೋಡಂಬಿ ಪುಡಿ ಮಾಡಿದ ದಿನ ಅದರ ಧೂಳು ಎಲ್ಲಿ ಕೂತಿತೆಂದು ಹೇಳಲಾಗದು. ಅಂಥ ಅಡುಗೆಮನೆಯಿಂದ "ನಟ್ ಫ್ರೀ" ಕೇಕು ಹೊರಡಲು ಸಾಧ್ಯವಿಲ್ಲ. ಅದೇ ನಿಯಮಗಳ ಪ್ರಕಾರ ಮೊಟ್ಟೆ ಹಾಕಿದ್ದು ಮಾಂಸಾಹಾರದ ಲೆಕ್ಕಕ್ಕೇ ಸೇರುತ್ತದೆ. ಅದರ ಡಬ್ಬಿಗೆ ಕಂದು ತ್ರಿಕೋನ, ಮೊಟ್ಟೆಯಿಲ್ಲದ್ದಕ್ಕೆ ಹಸಿರು ಚುಕ್ಕೆ. ಮೊಟ್ಟೆಯಿಲ್ಲದ್ದೆಲ್ಲ ಸಸ್ಯಾಹಾರವೆಂದೂ ಅಲ್ಲ. ಅಲಂಕಾರಕ್ಕಿಡುವ ಮಾರ್ಷ್‌ಮೆಲ್ಲೋಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರಬಹುದು.

ಕೌಶಲದ ಬಗ್ಗೆ ಅವಳು ಏನೂ ಬರೆದಿರಲಿಲ್ಲ, "ಪ್ಯಾಷನ್" ಒಂದು ಬಿಟ್ಟು. ಕಲಿಕೆಯ ಪ್ರಮಾಣಪತ್ರ ಇದ್ದರೆ ಹೇಳಬೇಕು. ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕದಲ್ಲಿ ಕಲಿತವರು, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಅಲ್ಪಾವಧಿ ಕೋರ್ಸು ಮಾಡಿದವರು ಅದನ್ನು ಧಾರಾಳವಾಗಿ ಬರೆಯಲಿ, ವರ್ಷ ಸಮೇತ. ಇವಳದು ಊರಿನಲ್ಲೇ ಒಬ್ಬರ ಬಳಿ ಆರು ವಾರ ಕಲಿತದ್ದು, ಜೊತೆಗೆ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿ. ಎರಡೂ ಒಂದೇ ಬಗೆಯವಲ್ಲ. ಫಾಸ್ಟ್ಯಾಕ್ ಪ್ರಮಾಣಪತ್ರ ಶುಚಿತ್ವ ಗೊತ್ತೆಂದು ಹೇಳುತ್ತದೆಯೇ ಹೊರತು ಕೇಕ್ ಮಾಡಲು ಬರುತ್ತದೆಂದಲ್ಲ. ಅದಕ್ಕೆ ಎರಡು ವರ್ಷದ ಅವಧಿಯಿದೆ, ಆದ್ದರಿಂದ ವರ್ಷ ಬರೆಯದೆ ಹೆಸರಷ್ಟೇ ಹಾಕಿದರೆ ಓದುವವರಿಗೆ ಉಪಯೋಗವಿಲ್ಲ.

ಕೇಕ್ ಮಾಡಲು ಬರುತ್ತದೆಂಬುದಕ್ಕೆ ಪ್ರಮಾಣಪತ್ರಕ್ಕಿಂತ ಒಳ್ಳೆಯ ಸಾಕ್ಷಿ ಅವಳ ಬಳಿಯೇ ಇತ್ತು. ಮೊಟ್ಟೆಯಿಲ್ಲದ ಸ್ಪಾಂಜು ಮೊದಲ ವರ್ಷವೆಲ್ಲ ನಡುವೆ ಕುಸಿಯುತ್ತಿತ್ತಂತೆ. ಮೊಟ್ಟೆ ಬೆಂದು ಗಟ್ಟಿಯಾಗಿ ಕೇಕನ್ನು ಹಿಡಿದುನಿಲ್ಲಿಸುತ್ತದೆ. ಅದಿಲ್ಲದಾಗ ಮೊಸರು ಮತ್ತು ಸೋಡಾ ಸೇರಿ ಹುಟ್ಟುವ ಗಾಳಿಯೇ ಉಬ್ಬಿಸಬೇಕು, ಹಿಟ್ಟು ಬೆಂದು ನಿಲ್ಲುವಷ್ಟರಲ್ಲಿ ಆ ಗಾಳಿ ಹೊರಟುಹೋದರೆ ನಡುವೆ ಹೊಂಡ. ಸೋಡಾ ಹೆಚ್ಚಿಸಿ ನೋಡಿದಳು, ಇನ್ನೂ ಬೇಗ ಉಬ್ಬಿ ಇನ್ನೂ ಜೋರಾಗಿ ಕುಸಿಯಿತು, ನಾಲಿಗೆಗೆ ಸೋಪಿನ ರುಚಿ ಬೇರೆ. ಕೊನೆಗೆ ಓವನ್ ಥರ್ಮಾಮೀಟರ್ ತಂದು ಒಳಗಿಟ್ಟಾಗ ಗುಟ್ಟು ಬಯಲಾಯಿತು. ಗುಂಡಿ 180ಕ್ಕೆ ತಿರುಗಿಸಿದರೂ ಒಳಗೆ 160 ಡಿಗ್ರಿಯಷ್ಟೇ. ಹಿಟ್ಟು ನಿಲ್ಲುವುದು ತಡವಾಗುತ್ತಿತ್ತು. ಅಂದಿನಿಂದ ಗುಂಡಿಯನ್ನು ನಂಬದೆ ಥರ್ಮಾಮೀಟರನ್ನು ನೋಡಿಯೇ ಟಿನ್ ಒಳಗಿಡುತ್ತಾಳೆ. ಈ ಕತೆಯನ್ನು ಎರಡು ಸಾಲಿನಲ್ಲಿ ಹೇಳಿದರೆ ಅವಳಿಗೆ ಕೆಲಸ ಗೊತ್ತೆಂದು ಬೇರೆ ಹೇಳಬೇಕಾಗಿಲ್ಲ. ಬಾರದ್ದನ್ನೂ ಹೇಳಿಕೊಳ್ಳಲಿ ಅಂದೆ. ಎರಡು ಮಹಡಿಯ ಮದುವೆ ಕೇಕು, ಫಾಂಡೆಂಟಿನ ಗೊಂಬೆ ಅವಳು ಮಾಡುವುದಿಲ್ಲ.

ಸಂಜೆಯ ಹೊತ್ತಿಗೆ ಪರಿಚಯ ಹೀಗಾಯಿತು:

"ನಾನು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಕೇಕ್ ಮಾಡುತ್ತೇನೆ. ಮೊಟ್ಟೆಯದೂ ಮಾಡುತ್ತೇನೆ, ಮೊಟ್ಟೆಯಿಲ್ಲದ್ದೂ ಮಾಡುತ್ತೇನೆ. ಮಗನ ಮೊದಲ ಹುಟ್ಟುಹಬ್ಬದಲ್ಲಿ ನಮ್ಮ ಅತ್ತೆ ಮಾತ್ರ ಕೇಕ್ ತಿನ್ನಲಿಲ್ಲ, ಅವರು ಮೊಟ್ಟೆ ಮುಟ್ಟುವುದಿಲ್ಲ. ಅವರಿಗಾಗಿ ಕಲಿಯಲು ಹೋಗಿ ಈ ಕೆಲಸಕ್ಕೆ ಬಂದೆ. ಆಗಿನಿಂದ ಎರಡಕ್ಕೂ ಬೇರೆ ಕಟ್ಟೆ, ಬೇರೆ ಪಾತ್ರೆ, ಬೇರೆ ಬೀಟರ್ ಇವೆ. ಓವನ್ ಒಂದೇ.

"ಊರಿನಲ್ಲೇ ಆರು ವಾರ ತರಬೇತಿ ಪಡೆದೆ. ಮೊಟ್ಟೆಯಿಲ್ಲದ ಸ್ಪಾಂಜು ಕುಸಿಯದಂತೆ ಮಾಡಲು ಇನ್ನೊಂದು ವರ್ಷ ಹಿಡಿಯಿತು. ನನ್ನ ಓವನ್ ತೋರಿಸುವ ಬಿಸಿಗಿಂತ 20 ಡಿಗ್ರಿ ಕಡಿಮೆಯಿದೆ ಎಂದು ಗೊತ್ತಾದ ಮೇಲೆ ಸರಿಹೋಯಿತು. ದಿನಕ್ಕೆ ನಾಲ್ಕು ಕೇಕ್ ಮಾತ್ರ ಒಪ್ಪಿಕೊಳ್ಳುತ್ತೇನೆ. ಫಾಂಡೆಂಟ್ ಕೆಲಸ ಮಾಡುವುದಿಲ್ಲ.

"ಬೆಳಿಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ ಅಡುಗೆಮನೆಯಲ್ಲಿ ಕೇಕಿನ ಕೆಲಸ ಮಾತ್ರ ನಡೆಯುತ್ತದೆ. ಫ್ರಿಡ್ಜ್ 5 ಡಿಗ್ರಿಗಿಂತ ಕೆಳಗಿರುವುದನ್ನು ದಿನವೂ ನೋಡುತ್ತೇನೆ. ಮನೆಯಲ್ಲಿ ಯಾರಿಗಾದರೂ ಜ್ವರ ಅಥವಾ ಭೇದಿ ಇದ್ದರೆ ಆರ್ಡರು ನಿಲ್ಲಿಸಿ ಮುಂಗಡ ವಾಪಸ್ ಕೊಡುತ್ತೇನೆ. ಮೈದಾ, ಹಾಲು, ಗೋಡಂಬಿ, ಕಡಲೆಕಾಯಿ, ಸೋಯಾ ಇದೇ ಅಡುಗೆಮನೆಯಲ್ಲಿ ಬಳಕೆಯಾಗುತ್ತವೆ. ಅಲರ್ಜಿ ಇರುವವರಿಗೆ ನನ್ನ ಕೇಕ್ ಕೊಡಬೇಡಿ. ಹಾಲಿನ ಕೆನೆಯ ಕೇಕನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ."

ಇದರ ಕೆಳಗೆ ನೋಂದಣಿ ಸಂಖ್ಯೆ, ಫಾಸ್ಟ್ಯಾಕ್ ಪಡೆದ ತಿಂಗಳು ಮತ್ತು ವರ್ಷ. ಮೊದಲ ಎರಡು ವಾಕ್ಯ ಓದಿ ಬಿಟ್ಟವರಿಗೂ ಊರು ಮತ್ತು ಮೊಟ್ಟೆಯ ವಿಷಯ ತಿಳಿಯಲಿ ಎಂದು ಅವನ್ನು ಮೇಲಿಟ್ಟೆವು. "ಅಲರ್ಜಿ ಇರುವವರಿಗೆ ಕೊಡಬೇಡಿ" ಎಂದು ಬರೆಯುವಾಗ ಅವಳ ಕೈ ತಡೆಯಿತು. ಗಿರಾಕಿ ಹೋಗುವುದಿಲ್ಲವೇ ಎಂದಳು. ಹೋಗುತ್ತಾರೆ, ಆ ಗಿರಾಕಿ ಹೋಗಬೇಕಾದವರೇ.

ಅತ್ತೆಯ ವಿಷಯ ಬರೆದದ್ದಕ್ಕೆ ಅವರ ಒಪ್ಪಿಗೆ ಕೇಳಿ ಬಾ ಅಂದೆ. ಮನೆಯವರ ಬದುಕನ್ನು ಅವರಿಗೆ ಹೇಳದೆ ವ್ಯಾಪಾರಕ್ಕೆ ತರುವುದು ಸರಿಯಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ ಆ ಹಿರಿಯರು ಒಂದೇ ತಿದ್ದುಪಡಿ ಹೇಳಿದರು: "ಈಗ ತಿಂತೀನಿ ಅಂತಲೂ ಬರಿ." ಆ ವಾಕ್ಯ ಮೊದಲ ಪ್ಯಾರಾದ ಕೊನೆಗೆ ಸೇರಿತು.

ಎರಡು ತಿಂಗಳ ಮೇಲೆ ಅವಳ ಫ್ರಿಡ್ಜ್ ಕೆಟ್ಟು ರಿಪೇರಿಗೆ ಹೋಯಿತು. ಫೋನ್ ಮಾಡಿ, "ಅಕ್ಕಾ, ಫ್ರಿಡ್ಜಿನ ಸಾಲು ಈಗ ಸುಳ್ಳಾಯ್ತಲ್ಲ" ಅಂದಳು. ಅದು ವಾಪಸ್ ಬರುವವರೆಗೆ ಆ ಸಾಲನ್ನು ತೆಗೆದು, "ಸದ್ಯ ಕ್ರೀಮಿನ ಕೇಕ್ ಇಲ್ಲ, ಬೆಣ್ಣೆ ಕೇಕ್ ಮತ್ತು ಬಾಳೆಹಣ್ಣಿನ ಕೇಕ್ ಮಾತ್ರ" ಎಂದು ಹಾಕಿದಳು.